ಎರಡು ಇಸವಿ, ಒಂದು ತರಗತಿ

ಸಿಇಟಿ ಅರ್ಜಿ ತುಂಬುವ ದಿನಗಳು ಬಂದವೆಂದರೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ಓಡಾಟ: ಓದಿದ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣ ಪತ್ರ ಬರೆಸುವುದು, ಮುಖ್ಯ ಶಿಕ್ಷಕರ ಸಹಿ ಮತ್ತು ಮೊಹರು ಹಾಕಿಸುವುದು, ಆಮೇಲೆ ಬಿಇಒ ಕಚೇರಿಯಲ್ಲಿ ಮೇಲುಸಹಿ ಪಡೆಯುವುದು. ಆ ಹಾಳೆಯಲ್ಲಿ ಹೆಸರು, ಜಾತಿ, ಜನ್ಮ ದಿನಾಂಕವನ್ನು ಎಲ್ಲರೂ ಎರಡೆರಡು ಸಲ ಓದುತ್ತಾರೆ. ಪಕ್ಕದಲ್ಲೇ ಇರುವ ‘2009-10’, ‘2015-16’ ಎಂಬ ಜೋಡಿ ಇಸವಿಗಳ ಮೇಲೆ ಮಾತ್ರ ಕಣ್ಣು ಜಾರಿ ಮುಂದೆ ಹೋಗುತ್ತದೆ. ಆದರೆ ಆ ಹಾಳೆಯ ಅರ್ಧ ಲೆಕ್ಕ ನಿಂತಿರುವುದೇ ಅವುಗಳ ಮೇಲೆ. ಕರ್ನಾಟಕದ ಸೀಟಿಗೆ ಅರ್ಹತೆ ಕೇಳುವ ಮುಖ್ಯ ನಿಯಮವು ರಾಜ್ಯದಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಓದಿರಬೇಕೆನ್ನುತ್ತದೆ. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮದ ಮೀಸಲಾತಿಗೂ 1ರಿಂದ 10ನೇ ತರಗತಿಯವರೆಗಿನ ಹತ್ತೂ ವರ್ಷದ ಲೆಕ್ಕ ಸಿಗಬೇಕು.

ಎರಡು ಇಸವಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಬೇಸಿಗೆ ರಜೆಯಲ್ಲಿದೆ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಮುಂಗಾರಿನ ಹೊತ್ತಿಗೆ, ಮೇ ಕೊನೆಯಲ್ಲೋ ಜೂನ್ ಮೊದಲಲ್ಲೋ ಬಾಗಿಲು ತೆರೆಯುತ್ತವೆ. ದಸರಾ ರಜೆ ಮುಗಿಸಿ ಎರಡನೇ ಅವಧಿ ಶುರುಮಾಡಿ, ಏಪ್ರಿಲ್‌ನಲ್ಲಿ ಫಲಿತಾಂಶ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸುತ್ತವೆ. ಕ್ಯಾಲೆಂಡರಿನ ಹೊಸ ವರ್ಷ ಈ ಓದಿನ ನಟ್ಟನಡುವೆ ಬಂದುಹೋಗುತ್ತದೆ. ಹಾಗಾಗಿ 2015ರ ಜೂನ್‌ನಲ್ಲಿ ಶುರುವಾಗಿ 2016ರ ಏಪ್ರಿಲ್‌ನಲ್ಲಿ ಮುಗಿದ ಏಳನೇ ತರಗತಿಗೆ 2015 ಎಂದರೂ ಸಾಲದು, 2016 ಎಂದರೂ ಸಾಲದು. ‘2015-16ನೇ ಸಾಲು’ ಎನ್ನಬೇಕು. ನಡುವಿನ ಅಡ್ಡಗೆರೆ ಎರಡು ವರ್ಷಗಳ ಅವಧಿಯನ್ನು ಹೇಳುತ್ತಿಲ್ಲ. ಎರಡು ಇಸವಿಗಳಲ್ಲಿ ಹಂಚಿಹೋದ ಒಂದೇ ವರ್ಷವನ್ನು ಹೇಳುತ್ತಿದೆ.

ಲೆಕ್ಕ ತಪ್ಪುವುದು ಇಲ್ಲಿಯೇ.

ಒಂದು ಉದಾಹರಣೆ ಹಿಡಿದು ನೋಡೋಣ. ಶಿರಾ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿ 2009ರ ಜೂನ್‌ನಲ್ಲಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಸೇರಿದಳು ಎಂದುಕೊಳ್ಳಿ. ಏಳನೆಯದನ್ನು ಅಲ್ಲೇ ಮುಗಿಸಿ, ಎಂಟಕ್ಕೆ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಿ, 2019ರ ಮಾರ್ಚ್-ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಳು. ಪ್ರಾಥಮಿಕ ಶಾಲೆಯ ಪತ್ರದಲ್ಲಿ ‘2009-10ರಿಂದ 2015-16’, ಪ್ರೌಢಶಾಲೆಯ ಪತ್ರದಲ್ಲಿ ‘2016-17ರಿಂದ 2018-19’ ಎಂದಿರುತ್ತದೆ. ಕೆಲವರು ಎರಡೂ ಜೋಡಿಯ ಮೊದಲ ಇಸವಿಯನ್ನಷ್ಟೇ ಹಿಡಿದು ಕಳೆಯುತ್ತಾರೆ. 2015ರಲ್ಲಿ 2009 ಕಳೆದರೆ 6, 2018ರಲ್ಲಿ 2016 ಕಳೆದರೆ 2. ಒಟ್ಟು ಎಂಟೇ ವರ್ಷ ಬಂದು ಎದೆ ಧಸಕ್ಕೆನ್ನುತ್ತದೆ. ಕಳೆಯಬೇಕಾದದ್ದು ಎರಡೂ ತುದಿಗಳನ್ನು: ಕೊನೆಯ ಜೋಡಿಯ ಕೊನೆಯ ಇಸವಿಯಿಂದ ಮೊದಲ ಜೋಡಿಯ ಮೊದಲ ಇಸವಿ. 2016ರಿಂದ 2009 ಹೋದರೆ 7, 2019ರಿಂದ 2016 ಹೋದರೆ 3, ಕೂಡಿದರೆ ಹತ್ತು. ಅನುಮಾನವಿದ್ದರೆ ಬೆರಳು ಮಡಚಿ ತರಗತಿ ಎಣಿಸಿದರೂ ಅದೇ ಉತ್ತರ.

ಅಡ್ಡಗೆರೆಯನ್ನು ಬಿಟ್ಟು ಬರೆದರೆ ಇನ್ನೊಂದು ತೊಡಕು ಹುಟ್ಟುತ್ತದೆ. ಒಂದು ಶಾಲೆಯವರು ‘2009ರಿಂದ 2016’ ಎಂದೂ ಇನ್ನೊಂದು ಶಾಲೆಯವರು ‘2016ರಿಂದ 2019’ ಎಂದೂ ಬರೆದುಕೊಟ್ಟರೆ, ಹುಡುಗಿ 2016ರಲ್ಲಿ ಎರಡು ಶಾಲೆಯಲ್ಲಿ ಓದಿದಂತೆ ಕಾಣುತ್ತದೆ. ಏಪ್ರಿಲ್‌ವರೆಗೆ ಅಲ್ಲಿ, ಜೂನ್‌ನಿಂದ ಇಲ್ಲಿ ಎಂಬುದು ಮನೆಯವರಿಗೆ ಗೊತ್ತು. ಹಾಳೆ ನೋಡುವ ಗುಮಾಸ್ತರಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ತರಗತಿಗೊಂದು ಸಾಲಿನಂತೆ, ಪ್ರತಿಯೊಂದರ ಎದುರು ಜೋಡಿ ಇಸವಿ ಬರೆಸಿಕೊಳ್ಳುವುದು ಒಳ್ಳೆಯದು.

ಹಾಗೆ ಬರೆದ ಪಟ್ಟಿಯನ್ನು ತಾಳೆ ನೋಡಲು ಒಂದು ಸುಲಭ ದಾರಿಯಿದೆ. ಪ್ರತಿ ಸಾಲಿನ ಮೊದಲ ಇಸವಿಯಿಂದ ತರಗತಿಯ ಸಂಖ್ಯೆಯನ್ನು ಕಳೆಯಿರಿ. ಈ ಹುಡುಗಿಯ ಒಂದನೇ ತರಗತಿಗೆ 2009ರಲ್ಲಿ 1 ಕಳೆದರೆ 2008. ಐದನೆಯದು 2013-14, 5 ಕಳೆದರೆ ಮತ್ತೆ 2008. ಹತ್ತನೆಯದು 2018-19; ಅಲ್ಲೂ 2008. ಹತ್ತು ಸಾಲಿಗೂ ಉತ್ತರ ಒಂದೇ ಬಂದರೆ ಸರಪಳಿ ಸರಿಯಿದೆ. ಯಾವುದೋ ಒಂದು ಸಾಲಿನಲ್ಲಿ ಮಾತ್ರ 2009 ಬಂದು ಮುಂದಿನದರಲ್ಲಿ ಮತ್ತೆ 2008ಕ್ಕೆ ಇಳಿದರೆ ಅದು ಬರವಣಿಗೆಯ ತಪ್ಪು. ಒಂದು ಕಡೆ ಬದಲಾದದ್ದು ಕೊನೆಯವರೆಗೂ ಹಾಗೇ ಉಳಿದರೆ, ಮಗು ಒಂದು ವರ್ಷ ಶಾಲೆ ಬಿಟ್ಟಿತ್ತು ಅಥವಾ ಅದೇ ತರಗತಿಯಲ್ಲಿ ಮತ್ತೆ ಕೂತಿತ್ತು ಎಂದರ್ಥ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಮೂಲರೂಪದಲ್ಲಿ, ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಫೇಲು ಮಾಡಿ ಕೂರಿಸಬಾರದು ಎಂದಿತ್ತು. ಆದ್ದರಿಂದ ಈ ಹುಡುಗಿಯ ತಲೆಮಾರಿನವರ ಪತ್ರದಲ್ಲಿ ನಡುವೆ ಇಸವಿ ಜಿಗಿದಿದ್ದರೆ ಮೊದಲು ಕೈತಪ್ಪನ್ನೇ ಶಂಕಿಸಬೇಕು.

ಈಗ ಇದೇ ಹುಡುಗಿಯ ವಿವರವನ್ನು ಶಾಲೆಯ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಗೆ ಏರಿಸುತ್ತಾರೆ ಎನ್ನಿ. ಒಂದನೇ ತರಗತಿಯ ಎದುರು 2009-10 ಎಂದು ಒತ್ತಿ ಎಂಟರ್ ಕೊಟ್ಟ ಕೂಡಲೇ ಪರದೆಯ ಮೇಲೆ Oct-09 ಎಂದು ಕಾಣಿಸುತ್ತದೆ. ಅಡ್ಡಗೆರೆಯ ಆಚೆಯ 10 ಅನ್ನು ಎಕ್ಸೆಲ್ ಹತ್ತನೇ ತಿಂಗಳೆಂದು ಓದಿ, ಇಡೀ ಬರಹವನ್ನು 2009ರ ಅಕ್ಟೋಬರ್ 1 ಎಂಬ ದಿನಾಂಕವಾಗಿ ಒಳಗಿಟ್ಟುಕೊಂಡಿರುತ್ತದೆ. 2010-11 ಎಂಬುದು Nov-10 ಆಗುತ್ತದೆ, 2011-12 ಎಂಬುದು Dec-11 ಆಗುತ್ತದೆ. ನಾಲ್ಕನೇ ತರಗತಿಯ 2012-13ಕ್ಕೆ ಬಂದಾಗ ಮಾತ್ರ ಬರೆದದ್ದು ಬರೆದಂತೆಯೇ ಉಳಿಯುತ್ತದೆ, ಏಕೆಂದರೆ ಹದಿಮೂರನೇ ತಿಂಗಳು ಇಲ್ಲ. ಹೀಗೆ 2000-01ರಿಂದ 2011-12ರವರೆಗಿನ ಹನ್ನೆರಡು ಸಾಲುಗಳಿಗೆ ಈ ಅಪಾಯವಿದೆ. ಆ ವರ್ಷಗಳಲ್ಲಿ ಓದಿದವರೇ ಈಗ ನೌಕರಿಯ ಅರ್ಜಿಗಳಿಗಾಗಿ ಪತ್ರ ಬರೆಸುತ್ತಿರುವುದು. ಒಂದೇ ಪಟ್ಟಿಯಲ್ಲಿ ಕೆಲವು ಸಾಲು ತಿಂಗಳಾಗಿ, ಕೆಲವು ಇಸವಿಯಾಗಿ ಕಂಡರೆ ಕಾರಣ ಇದು. ಟೈಪು ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಬದಲಿಸಿಕೊಂಡರೆ, ಅಥವಾ 2009-2010 ಎಂದು ಎರಡೂ ಇಸವಿಯನ್ನು ಪೂರ್ತಿ ಬರೆದರೆ ತೊಂದರೆಯಿಲ್ಲ.

ಇನ್ನು, ಜೋಡಿ ಇಸವಿ ಒಂದೇ ಆದರೂ ಅದರ ಒಳಗಿನ ತಿಂಗಳುಗಳು ಎಲ್ಲ ಕಡೆ ಒಂದೇ ಅಲ್ಲ. ರಾಜ್ಯ ಸರ್ಕಾರದ ಬಜೆಟ್ಟಿನ 2015-16 ಎಂದರೆ 2015ರ ಏಪ್ರಿಲ್ 1ರಿಂದ 2016ರ ಮಾರ್ಚ್ 31. ಸಿಬಿಎಸ್‌ಇ ಶಾಲೆಗಳ ವರ್ಷವೂ ಏಪ್ರಿಲ್‌ನಲ್ಲೇ ತೆರೆಯುತ್ತದೆ. ರಾಜ್ಯ ಪಠ್ಯಕ್ರಮದಲ್ಲಿ ಮಾತ್ರ ಬೇಸಿಗೆ ರಜೆ ಕಳೆಯಬೇಕು. ಅದೂ ಪ್ರತಿ ವರ್ಷ ಒಂದೇ ದಿನವಲ್ಲ. ಕೋವಿಡ್‌ನಿಂದಾದ ಕಲಿಕೆಯ ಹಿನ್ನಡೆ ತುಂಬಲು 2022ರಲ್ಲಿ ಶಾಲೆಗಳನ್ನು ಮೇ 16ಕ್ಕೇ ತೆರೆದರು, ಆದರೆ 2024ರಲ್ಲಿ ತೆರೆದದ್ದು ಮೇ 29ಕ್ಕೆ. ಸಿಬಿಎಸ್‌ಇ ಶಾಲೆಯಲ್ಲಿ 2015-16 ಮುಗಿಸಿ ಮಾರ್ಚ್‌ನಲ್ಲಿ ಟಿಸಿ ಪಡೆದ ಮಗು ಜೂನ್‌ನಲ್ಲಿ ರಾಜ್ಯ ಪಠ್ಯಕ್ರಮಕ್ಕೆ ಸೇರಿದರೆ ನಡುವೆ ಏಪ್ರಿಲ್-ಮೇ ಖಾಲಿ ಕಾಣುತ್ತದೆ. ಓದಿನಲ್ಲಿ ಯಾವ ವರ್ಷವೂ ತಪ್ಪಿಲ್ಲ, ಎರಡು ವರ್ಷಗಳು ಬೇರೆ ಬೇರೆ ತಿಂಗಳಲ್ಲಿ ಶುರುವಾಗುತ್ತವೆ ಅಷ್ಟೆ. ಎದುರು ದಿಕ್ಕಿನಲ್ಲಿ ಹೋಗುವ ಮಗುವಿನದು ತಲೆಕೆಳಗು: ಏಪ್ರಿಲ್ 10ರಂದು ರಾಜ್ಯ ಪಠ್ಯಕ್ರಮದ ಶಾಲೆ ಬಿಡುವಾಗ ಅಲ್ಲಿನ್ನೂ 2015-16, ಆ ದಿನಕ್ಕೆ ಸಿಬಿಎಸ್‌ಇ ಶಾಲೆಯಲ್ಲಿ ಆಗಲೇ 2016-17.

ವರ್ಷ ಕ್ಯಾಲೆಂಡರಿನೊಂದಿಗೇ ನಡೆಯುವ ದೇಶಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಶಾಲೆ ಜನವರಿ ಕೊನೆಯ ಹೊತ್ತಿಗೆ ತೆರೆದು ಡಿಸೆಂಬರ್‌ನಲ್ಲಿ ಮುಗಿಯುವುದರಿಂದ ಅಲ್ಲಿ ‘2023’ ಎಂಬ ಒಂದೇ ಇಸವಿ ಸಾಕು. ಮೆಲ್ಬರ್ನ್‌ನಿಂದ ಮೈಸೂರಿಗೆ ಮರಳುವ ಕನ್ನಡದ ಕುಟುಂಬದ ಮಗು 2023ರ ಡಿಸೆಂಬರ್‌ನಲ್ಲಿ ಐದನೆಯದು ಮುಗಿಸಿ, ಆರನೆಯದಕ್ಕೆ ಇಲ್ಲಿ ಸೇರುವುದು 2024-25ಕ್ಕೆ. ನಡುವಿನ ಐದು ತಿಂಗಳಿಗೆ ಯಾವ ಪತ್ರವೂ ಇರುವುದಿಲ್ಲ. ಅಂಥವರು ಹಳೆಯ ಶಾಲೆಯಿಂದ ವರ್ಷ ಶುರುವಾದ ಮತ್ತು ಮುಗಿದ ದಿನಾಂಕವನ್ನೇ ಬರೆಸಿಕೊಂಡು ಬಂದರೆ ಇಲ್ಲಿ ವಿವರಣೆ ಕೊಡುವ ಕಷ್ಟ ತಪ್ಪುತ್ತದೆ.

ಅಂಕಪಟ್ಟಿಯ ಇಸವಿಗೂ ಓದಿದ ಸಾಲಿಗೂ ಇರುವ ವ್ಯತ್ಯಾಸ ಕೋವಿಡ್ ಕಾಲದಲ್ಲಿ ಎದ್ದು ಕಂಡಿತು. 2019-20ರ ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ಮಾರ್ಚ್‌ನಲ್ಲಿ ನಡೆಯಬೇಕಿದ್ದದ್ದು ಲಾಕ್‌ಡೌನಿನಿಂದ ಮುಂದೆ ಹೋಗಿ, 2020ರ ಜೂನ್ 25ಕ್ಕೆ ಶುರುವಾಯಿತು. ಮರುವರ್ಷದವರ ಪರೀಕ್ಷೆ 2021ರ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯಿತು. ತಿಂಗಳು ನೋಡಿದರೆ ಆ ಪರೀಕ್ಷೆಗಳು ಬಿದ್ದದ್ದು ಮುಂದಿನ ಸಾಲಿನಲ್ಲಿ. ಹಾಗೆಂದು ಮಕ್ಕಳ ಓದಿನ ಸಾಲು ಬದಲಾಗಲಿಲ್ಲ. ಅವರು 2019-20ರವರೇ, 2020-21ರವರೇ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಪರೀಕ್ಷೆಗಳು ಬಂದಾಗ ಈ ವಿಷಯ ಮತ್ತೆ ಮುಖ್ಯವಾಯಿತು. 2023-24ರಲ್ಲಿ ಹತ್ತನೇ ತರಗತಿ ಓದಿ, ಮೂರನೇ ಪರೀಕ್ಷೆಯಲ್ಲಿ 2024ರ ಆಗಸ್ಟ್‌ಗೆ ಪಾಸಾದ ಹುಡುಗನ ವ್ಯಾಸಂಗ ಪತ್ರದಲ್ಲಿ 2023-24 ಇರಬೇಕು. ಅರ್ಜಿಯಲ್ಲಿ ‘ಉತ್ತೀರ್ಣನಾದ ವರ್ಷ’ ಎಂದು ಕೇಳಿದ ಕಡೆ 2024 ಬರೆಯಬೇಕು. ಎರಡೂ ಕಡೆ ಒಂದನ್ನೇ ತುಂಬುವುದು ತಪ್ಪು.

ಜೋಡಿ ಇಸವಿ ಮುಚ್ಚಿಡುವ ಸಂಗತಿಯೂ ಒಂದಿದೆ. 2014ರ ಜೂನ್‌ನಲ್ಲಿ ಸೇರಿದ ಮಗುವಿಗೂ, ತಂದೆಯ ವರ್ಗಾವಣೆಯಿಂದ ನವೆಂಬರ್‌ನಲ್ಲಿ ಬಂದು ಸೇರಿದ ಮಗುವಿಗೂ ಪತ್ರದಲ್ಲಿ ‘2014-15’ ಎಂದೇ ಇರುತ್ತದೆ. ಪೂರ್ತಿ ವರ್ಷ ಅಲ್ಲೇ ಓದಿದ್ದಾನೆಯೇ ಎಂಬ ಪ್ರಶ್ನೆ ಬಂದಾಗ ಆ ಅಡ್ಡಗೆರೆ ಉತ್ತರ ಕೊಡಲಾರದು. ಉತ್ತರ ಇರುವುದು ಶಾಲೆಯ ದಾಖಲಾತಿ ವಹಿಯಲ್ಲಿ ಮತ್ತು ಟಿಸಿಯಲ್ಲಿ, ಅಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ನಮೂದಾಗಿರುತ್ತವೆ. ನಡುವರ್ಷದಲ್ಲಿ ಶಾಲೆ ಬದಲಿಸಿದವರು, ಅದರಲ್ಲೂ ಹಳ್ಳಿಯಿಂದ ಪೇಟೆಗೆ ಬಂದವರು, ಹಳೆಯ ಟಿಸಿಯ ನಕಲನ್ನು ಜೋಪಾನವಾಗಿಡಬೇಕಾದದ್ದು ಇದಕ್ಕೇ.

ಪತ್ರದಲ್ಲಿ ತಪ್ಪು ಕಂಡರೆ ಅಂಕಿಯ ಮೇಲೆ ಅಂಕಿ ತಿದ್ದಿಸಿಕೊಳ್ಳಬಾರದು. ತಿದ್ದಿದ ಇಸವಿ ಪರಿಶೀಲನೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ. ದಾಖಲಾತಿ ವಹಿಯ ಪ್ರವೇಶ ಸಂಖ್ಯೆಯನ್ನು ಹಿಡಿದು, ಅದರ ಎದುರಿನ ದಿನಾಂಕವನ್ನು ಮುಖ್ಯ ಶಿಕ್ಷಕರ ಮುಂದೆಯೇ ನೋಡಿ, ಹೊಸ ಹಾಳೆಯಲ್ಲಿ ಬರೆಸಬೇಕು. ವಹಿಯಲ್ಲೇ ಗೊಂದಲವಿದ್ದರೆ ಆ ವರ್ಷದ ಹಾಜರಿ ಪುಸ್ತಕ ನೆರವಿಗೆ ಬರುತ್ತದೆ, ಏಕೆಂದರೆ ಅದು ಜೋಡಿ ಇಸವಿಯನ್ನು ನಂಬಿ ಕೂರದೆ ತಿಂಗಳು ತಿಂಗಳಾಗಿ ನಡೆಯುತ್ತದೆ. ಬಿಇಒ ಕಚೇರಿಯ ಮೇಲುಸಹಿಗೆ ಹೋಗಬೇಕಾದದ್ದು ಇದಾದ ಮೇಲೆ. ಮೊದಲೇ ಹೋಗಿ ಬಂದರೆ, ತಪ್ಪು ಸಿಕ್ಕಾಗ ಎರಡೂ ಕಚೇರಿಗೆ ಮತ್ತೆ ಅಲೆಯಬೇಕಾಗುತ್ತದೆ.