ಪ್ರಕಟಣೆಯಲ್ಲಿ ಕಾಣದ ಗುಡ್‌ವಿಲ್

2013ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ನೋಕಿಯಾ ಜಂಟಿಯಾಗಿ ಇಂಗ್ಲಿಷ್ ಪ್ರಕಟಣೆಯೊಂದನ್ನು ಹೊರಡಿಸಿದವು. ನೋಕಿಯಾದ ಮೊಬೈಲ್ ಫೋನ್ ವ್ಯವಹಾರಕ್ಕೆ 379 ಕೋಟಿ ಯೂರೊ, ಪೇಟೆಂಟ್ ಬಳಸುವ ಪರವಾನಗಿಗೆ 165 ಕೋಟಿ, ಒಟ್ಟು 544 ಕೋಟಿ ಯೂರೊ, ಎಲ್ಲವೂ ನಗದು ಎಂದು ಅದರಲ್ಲಿತ್ತು. ಷೇರು ಕೊಳ್ಳುವ ಸಾಮಾನ್ಯರು ಇಂಥ ಪ್ರಕಟಣೆಯಲ್ಲಿ ನೋಡುವುದು ಈ ಮೊತ್ತವನ್ನು ಮಾತ್ರ. ಸುತ್ತಲಿನ ಪದಗಳಲ್ಲೂ ತಿಳಿಯಬೇಕಾದದ್ದು ಬಹಳ ಇದೆ.

ಕೊಳ್ಳುವುದು ‘ಸಬ್‌ಸ್ಟ್ಯಾನ್ಶಲಿ ಆಲ್’, ಅಂದರೆ ಬಹುಪಾಲು ವ್ಯವಹಾರ ಎಂದು ಅಲ್ಲಿ ಬರೆದಿತ್ತು. ಕೆಲವು ಆಸ್ತಿಗಳು ಹೊರಗುಳಿಯಬಹುದು ಎಂಬುದಕ್ಕೆ ಇಂಥ ಮಾತು ಜಾಗ ಬಿಡುತ್ತದೆ. ಕೊನೆಗೆ ಹೊರಗುಳಿದವುಗಳಲ್ಲಿ ಚೆನ್ನೈ ಸಮೀಪದ ಶ್ರೀಪೆರುಂಬುದೂರಿನ ಕಾರ್ಖಾನೆಯೂ ಒಂದು. ತೆರಿಗೆ ವಿವಾದದಲ್ಲಿ ಸಿಕ್ಕಿಬಿದ್ದಿದ್ದರಿಂದ ಅದು ಮೈಕ್ರೋಸಾಫ್ಟ್‌ಗೆ ವರ್ಗವಾಗಲಿಲ್ಲ. 2014ರ ನವೆಂಬರ್‌ನಲ್ಲಿ ಅಲ್ಲಿ ಉತ್ಪಾದನೆಯೇ ನಿಂತಿತು. ‘ಕ್ಲೋಸಿಂಗ್ ಕಂಡಿಷನ್ಸ್’ ಎಂದರೆ ಷೇರುದಾರರ ಮತ, ನಾನಾ ದೇಶಗಳ ನಿಯಂತ್ರಕರ ಒಪ್ಪಿಗೆ ಮೊದಲಾದ ಷರತ್ತುಗಳು. ಅವು ಈಡೇರುವವರೆಗೆ ವ್ಯವಹಾರ ಕೈ ಬದಲಾಯಿಸುವುದಿಲ್ಲ. ಇಲ್ಲಿ ಅದಕ್ಕೆ 2014ರ ಏಪ್ರಿಲ್ ಬರಬೇಕಾಯಿತು.

ಆದರೆ ಗುಡ್‌ವಿಲ್ ಎಷ್ಟು ಎಂಬುದು ಆ ಪ್ರಕಟಣೆಯಲ್ಲಿ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಏಕೆಂದರೆ ಖರೀದಿ ಮುಗಿದ ಮೇಲೆಯೇ ಅದರ ಲೆಕ್ಕ. ಓಡುತ್ತಿರುವ ಹೋಟೆಲನ್ನು ಕೊಳ್ಳುವವರು ಪಾತ್ರೆ ಮೇಜುಗಳ ಬೆಲೆಯ ಮೇಲೆ ಇನ್ನಷ್ಟು ಕೊಡುತ್ತಾರಲ್ಲ, ಆ ಹೆಚ್ಚುವರಿ ಹಣವೇ ಗುಡ್‌ವಿಲ್. ಕಂಪನಿಗಳಲ್ಲಿ ಮೊದಲು ಕಟ್ಟಡ, ಯಂತ್ರ, ದಾಸ್ತಾನು, ಬರಬೇಕಾದ ಬಾಕಿಗಳಿಗೆ ಅಂದಿನ ನ್ಯಾಯಬೆಲೆ ಕಟ್ಟುತ್ತಾರೆ. ಬಳಿಕ ಪೇಟೆಂಟ್, ತಂತ್ರಜ್ಞಾನ, ಬ್ರ್ಯಾಂಡ್‌ನಂಥ ಅಮೂರ್ತ ಆಸ್ತಿಗಳಿಗೆ. ಹೊಣೆಗಳನ್ನು ಕಳೆಯುತ್ತಾರೆ. ಇಷ್ಟಾದರೂ ಕೊಟ್ಟ ಬೆಲೆಯಲ್ಲಿ ಲೆಕ್ಕಕ್ಕೆ ಸಿಗದೆ ಉಳಿಯುವ ಮೊತ್ತವನ್ನು ಗುಡ್‌ವಿಲ್ ಎಂಬ ಹೆಸರಿನಲ್ಲಿ ಆಸ್ತಿಯ ಕಡೆ ಬರೆಯುತ್ತಾರೆ.

ಮೈಕ್ರೋಸಾಫ್ಟ್‌ನ ವಾರ್ಷಿಕ ವರದಿಯಲ್ಲಿ ಈ ವಿಂಗಡಣೆ ಬಂದಾಗ ಕಂಡ ಚಿತ್ರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಪೂರ್ತಿ ಬೆಲೆ ಸುಮಾರು 944 ಕೋಟಿ ಡಾಲರ್. ನಗದು, ದಾಸ್ತಾನು, ಯಂತ್ರ ಮೊದಲಾದವು ಎಲ್ಲ ಸೇರಿ 494 ಕೋಟಿ. ಜೊತೆಗೆ ಬಂದ ಹೊಣೆಗಳು 547 ಕೋಟಿ! ಅಂದರೆ ಕಣ್ಣಿಗೆ ಕಾಣುವ ಆಸ್ತಿಯನ್ನೆಲ್ಲ ಹೊಣೆಗಳೇ ನುಂಗಿದ್ದವು. ಇಡೀ ಬೆಲೆ ನಿಂತಿದ್ದುದು 451 ಕೋಟಿಯ ಅಮೂರ್ತ ಆಸ್ತಿ ಮತ್ತು 546 ಕೋಟಿಯ ಗುಡ್‌ವಿಲ್ ಮೇಲೆ. ಫೋನುಗಳು ಮುಂದೆ ಚೆನ್ನಾಗಿ ಮಾರಾಟವಾಗುತ್ತವೆ ಎಂಬ ನಂಬಿಕೆಗೆ ಕಟ್ಟಿದ ಬೆಲೆ ಅದು.

ಆ ನಂಬಿಕೆ ಇನ್ನೂ ಗಟ್ಟಿಯಾಗಿದೆಯೇ ಎಂದು ಕಂಪನಿ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ವ್ಯವಹಾರದಿಂದ ಮುಂದಿನ ವರ್ಷಗಳಲ್ಲಿ ಬರಬಹುದಾದ ಹಣವನ್ನು ಅಂದಾಜಿಸಿ, ಅದನ್ನು ಇಂದಿನ ಬೆಲೆಗೆ ಇಳಿಸಿ, ಪುಸ್ತಕದಲ್ಲಿರುವ ಮೊತ್ತದೊಂದಿಗೆ ಹೋಲಿಸುತ್ತಾರೆ. ಕಡಿಮೆ ಬಂದರೆ ಕೊರತೆಯನ್ನು ನಷ್ಟವಾಗಿ ಬರೆಯಬೇಕು. ಅದೇ ಇಂಪೇರ್‌ಮೆಂಟ್. ಮೈಕ್ರೋಸಾಫ್ಟ್ ಫೋನ್ ವ್ಯವಹಾರವನ್ನು ಪ್ರತ್ಯೇಕ ಘಟಕವಾಗಿ ಇಟ್ಟಿದ್ದರಿಂದ ವಿಂಡೋಸ್, ಆಫೀಸ್‌ಗಳ ಲಾಭ ಈ ಪರೀಕ್ಷೆಯಲ್ಲಿ ಅದರ ನೆರವಿಗೆ ಬರುವಂತಿರಲಿಲ್ಲ. ಕೊಂಡ ವ್ಯವಹಾರವನ್ನು ದೊಡ್ಡ, ಲಾಭದ ಘಟಕದೊಳಗೆ ಸೇರಿಸಿದ ಕಂಪನಿಗಳಲ್ಲಿ ಅದು ಸೊರಗಿದರೂ ಗುಡ್‌ವಿಲ್ ಹಾಗೆಯೇ ಉಳಿಯಬಹುದು. ಹೂಡಿಕೆದಾರರು ಇದನ್ನು ಗಮನಿಸಲೇಬೇಕು.

2015ರ ಏಪ್ರಿಲ್‌ನ ತ್ರೈಮಾಸಿಕ ವರದಿಯಲ್ಲೇ ಫೋನ್ ಘಟಕಕ್ಕೆ ಇಂಪೇರ್‌ಮೆಂಟ್ ಅಪಾಯ ಹೆಚ್ಚಿದೆ ಎಂಬ ಮಾತಿತ್ತು. ಜುಲೈನಲ್ಲಿ ಅದು ನಿಜವಾಯಿತು. ಸ್ಟೀವ್ ಬಾಲ್ಮರ್ ಕಾಲದಲ್ಲಿ ಘೋಷಣೆಯಾದ ಈ ಖರೀದಿಯ ನಷ್ಟವನ್ನು ಪ್ರಕಟಿಸುವ ಹೊಣೆ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ ಅವರ ಮೇಲೆ ಬಿತ್ತು. ಸುಮಾರು 750 ಕೋಟಿ ಡಾಲರ್ ಇಂಪೇರ್‌ಮೆಂಟ್, ಅದರಲ್ಲಿ 510 ಕೋಟಿ ಗುಡ್‌ವಿಲ್‌ನದೇ. 7,800ರಷ್ಟು ಉದ್ಯೋಗಗಳೂ ಹೋದವು. ಆ ತ್ರೈಮಾಸಿಕದಲ್ಲಿ ಕಂಪನಿ ಸುಮಾರು 320 ಕೋಟಿ ಡಾಲರ್ ನಷ್ಟ ತೋರಿಸಿತು.

ಇಂಥ ನಷ್ಟವನ್ನು ಕಂಪನಿಗಳು ‘ನಾನ್-ಕ್ಯಾಶ್’ ಎಂದು ಕರೆಯುತ್ತವೆ. ಆ ತ್ರೈಮಾಸಿಕದಲ್ಲಿ ಹಣ ಹೊರಗೆ ಹೋಗಲಿಲ್ಲ ಎಂಬಷ್ಟಕ್ಕೆ ಅದು ಸರಿ. ಆದರೆ ಹಣ 2014ರಲ್ಲೇ ಹೋಗಿತ್ತು, ಷೇರುದಾರರದ್ದೇ ಹಣ. ಆದ್ದರಿಂದ ಇದನ್ನು ಬರೀ ಲೆಕ್ಕದ ಹೊಂದಾಣಿಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಭಾರತದ ಕಂಪನಿಗಳಿಗೆ ಇಂಡ್ ಎಎಸ್ 36 ಎಂಬ ಲೆಕ್ಕಮಾನದಂಡ ಇದೇ ವಾರ್ಷಿಕ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಒಮ್ಮೆ ಕಳೆದ ಗುಡ್‌ವಿಲ್ಲನ್ನು, ವ್ಯವಹಾರ ಮತ್ತೆ ಚಿಗುರಿದರೂ, ಪುಸ್ತಕಕ್ಕೆ ವಾಪಸ್ ತರುವಂತಿಲ್ಲ. ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಗುಡ್‌ವಿಲ್ ಯಾವ ಘಟಕದಲ್ಲಿದೆ, ಪರೀಕ್ಷೆಗೆ ಎಷ್ಟು ಬೆಳವಣಿಗೆ ದರ ಹಿಡಿದಿದ್ದಾರೆ ಎಂಬುದು ಸಿಗುತ್ತದೆ. ಮಾರಾಟ ಕುಸಿಯುತ್ತಿರುವ ಘಟಕಕ್ಕೆ ಹಿಂದಿನ ವರ್ಷದ ದರವನ್ನೇ ಮುಂದುವರಿಸಿದ್ದರೆ, ಮುಂದಿನ ಇಂಪೇರ್‌ಮೆಂಟ್ ಎಲ್ಲಿಂದ ಬರಬಹುದು ಎಂಬುದರ ಸುಳಿವು ಅಲ್ಲಿದೆ.