ಫೋನಿನಲ್ಲೇ ಗ್ರಾಫ್ ಓದಿ ಹೇಳುವುದು ಹೇಗೆ? ಗುಂಡ್ಲುಪೇಟೆಯ ಓಣಂ ಬಾಳೆ ಲೆಕ್ಕ

ಈಗ ರೈತರ ಗುಂಪುಗಳು ಮಾರಾಟದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆಸುತ್ತಿವೆ. ಅದರ ಫೋಟೋ ನನ್ನ ಫೋನಿಗೆ ಬರುತ್ತದೆ. ಹತ್ತರಲ್ಲಿ ಆರು ಫೋಟೋ ಮಸುಕು, ಅಂಕಿ ಕಾಣುವುದಿಲ್ಲ. ಆಮೇಲೆ ಫೋನ್ ಮಾಡಿ, "ಗೆರೆ ಮೇಲಕ್ಕೋಗಿ ಬಿದ್ಬುಟ್ಟದೆ ಸಾರ್, ಮುಂದಿನ ವರ್ಷ ಏನ್ ಮಾಡವ?" ಅಂತ ಕೇಳುತ್ತಾರೆ. ಇಷ್ಟು ಕೇಳಿಕೊಂಡು ಯಾರೂ ಸಲಹೆ ಕೊಡಲಾಗದು. ಆದರೆ ಗ್ರಾಫನ್ನು ಬಾಯಲ್ಲಿ ಸರಿಯಾಗಿ ಓದಿ ಹೇಳಿದರೆ ಚಿತ್ರ ನೋಡದೆಯೂ ಅಂದಾಜು ಕಟ್ಟಬಹುದು. ಈ ಅಕ್ಟೋಬರ್ ಮೊದಲ ವಾರ ಗುಂಡ್ಲುಪೇಟೆ ಕಡೆಯ ಒಂದು ಗುಂಪಿನ ಜೊತೆ ಹೀಗೇ ಫೋನಿನಲ್ಲಿ ಕೂತು ಲೆಕ್ಕ ಮಾಡಿದೆವು. ಗುಂಪಿನ ಗುರುತು ಸಿಗದಿರಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಇಲ್ಲಿ ಕೊಟ್ಟಿದ್ದೇನೆ.

ಗುಂಪು ಬೆಳೆಯುವುದು ನೇಂದ್ರ ಬಾಳೆ. ಬಹುಪಾಲು ಹೋಗುವುದು ವಯನಾಡಿನ ವ್ಯಾಪಾರಿಗಳಿಗೆ. ಲೆಕ್ಕ ನೋಡುವ ರೈತರು ಹೇಳಿದ ಮೊದಲ ಮಾತು: "ಹೋದ್ ವರ್ಷ ಸೆಪ್ಟೆಂಬರಲ್ಲಿ 110 ಇತ್ತು, ಈ ವರ್ಷ 50ಕ್ಕೆ ಬಂದದೆ. ವ್ಯಾಪಾರ ಅರ್ಧಕ್ಕೂ ಕಮ್ಮಿ ಆಗೋಯ್ತು, ನೇಂದ್ರ ಬುಟ್ಟು ಅರಿಸಿನ ಹಾಕವ ಅಂತಾವ್ರೆ ನಮ್ಮೋರು." ಬರುವ ಓಣಂಗೆ ಕಟಾವಿಗೆ ಬರಬೇಕಾದ ಗಿಡ ಈಗ ನೆಲಕ್ಕೆ ಬೀಳಬೇಕು. ನೇಂದ್ರಕ್ಕೆ ಸುಮಾರು 10 ತಿಂಗಳು ಬೇಕು. ಅಂದರೆ ಈ ತಿಂಗಳ ತೀರ್ಮಾನವೇ ಮುಂದಿನ ವರ್ಷದ ಆದಾಯ.

ನಾನು ಅವರಿಗೆ ಹೇಳಿದ್ದು ಇಷ್ಟೇ: ಗೆರೆಯನ್ನು ಸದ್ಯಕ್ಕೆ ಮರೆತುಬಿಡಿ, ಮೊದಲು ಚೌಕಟ್ಟು ಓದಿ. ಕೆಳಗಿನ ಅಡ್ಡಗೆರೆಯಲ್ಲಿ ಏನಿದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಎಡಗಡೆಯ ನಿಂತ ಗೆರೆಯಲ್ಲಿ ಏನಿದೆ, ಅದರ ಅಳತೆ ಏನು, ಅದು ಎಷ್ಟರಿಂದ ಶುರುವಾಗುತ್ತದೆ?

"110 ಅಂದ್ರಲ್ಲ, 110 ಏನು?" ಅಂತ ಕೇಳಿದಾಗ ಅವರೇ ಸ್ವಲ್ಪ ತಡವರಿಸಿದರು. ಸಾವಿರ ರೂಪಾಯಿಯೋ, ಕ್ವಿಂಟಾಲೋ? ಪಟ್ಟಿ ತೆಗೆದು ನೋಡಿ ಕ್ವಿಂಟಾಲ್ ಎಂದರು. ಇದು ಸಣ್ಣ ವಿಷಯವಲ್ಲ. ರೂಪಾಯಿ ಆಗಿದ್ದರೆ ತೂಕವೂ ದರವೂ ಒಂದೇ ಗೆರೆಯಲ್ಲಿ ಕಲಸಿಹೋಗಿರುತ್ತದೆ. ಗೆರೆ ಇಳಿದಿದ್ದು ಮಾಲು ಕಮ್ಮಿಯಾಗಿಯೋ ದರ ಬಿದ್ದೋ ಅಂತ ಗೊತ್ತಾಗುವುದಿಲ್ಲ. ಎಷ್ಟು ಗಿಡ ನೆಡಬೇಕು ಅನ್ನುವ ಪ್ರಶ್ನೆಗೆ ತೂಕದ ಗ್ರಾಫ್ ಬೇಕು, ದರದ ಗ್ರಾಫ್ ಬೇರೆಯೇ ಇರಲಿ.

ಎಡಗಡೆ ಅಂಕಿ 20ರಿಂದ ಶುರುವಾಗಿ 140ರವರೆಗೆ ಇತ್ತು. ಸೊನ್ನೆಯಿಂದ ಅಲ್ಲ. ಕಂಪ್ಯೂಟರ್ ಜಾಗ ಉಳಿಸಲು ಹೀಗೆ ಮಾಡುತ್ತದೆ, ಕಣ್ಣು ಅಲ್ಲಿ ಮೋಸ ಹೋಗುತ್ತದೆ. 30 ಕ್ವಿಂಟಾಲಿನ ಚುಕ್ಕಿ ತಳದಿಂದ 10 ಮೇಲಿದ್ದರೆ 110ರ ಚುಕ್ಕಿ 90 ಮೇಲಿರುತ್ತದೆ. ನೋಡಿದವರಿಗೆ ಒಂಬತ್ತು ಪಟ್ಟು ಅನಿಸುತ್ತದೆ, ನಿಜಕ್ಕೆ ನಾಲ್ಕು ಪಟ್ಟೂ ಇಲ್ಲ. ಆದ್ದರಿಂದ "ಸಿಕ್ಕಾಪಟ್ಟೆ ಏರದೆ" ಅನ್ನಬೇಡಿ, ಅಂಕಿ ಹೇಳಿ.

ಇನ್ನು ಗೆರೆ. ಎಡದಿಂದ ಬಲಕ್ಕೆ ಹೋಗುತ್ತಾ ಎಲ್ಲಿ ದಿಕ್ಕು ಬದಲಾಗುತ್ತದೋ ಅಲ್ಲಿ ನಿಲ್ಲಬೇಕು. ಅದೇ ತಿರುವು. ತಿರುವಿನ ತಿಂಗಳು, ಅಲ್ಲಿನ ಅಂಕಿ, ಕಾರಣ ಗೊತ್ತಿದ್ದರೆ ಕಾರಣ. ನಡುವೆ ಸಮನಾಗಿ ಓಡಿದ ಕಡೆ "ಇಷ್ಟರಿಂದ ಇಷ್ಟರೊಳಗೆ" ಅಂದರೆ ಸಾಕು. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಸೇರಿ ಬರೆದುಕೊಂಡದ್ದು ಹೀಗಿತ್ತು:

"ಅಡ್ಡಗೆರೆಯಲ್ಲಿ ತಿಂಗಳು, 2024ರ ಜನವರಿಯಿಂದ 2025ರ ಸೆಪ್ಟೆಂಬರ್‌ವರೆಗೆ, ತಿಂಗಳಿಗೊಂದು ಚುಕ್ಕಿ. ನಿಂತ ಗೆರೆಯಲ್ಲಿ ಮಾರಿದ ತೂಕ, ಕ್ವಿಂಟಾಲಿನಲ್ಲಿ, 20ರಿಂದ 140. 2024ರ ಮೊದಲ ಆರು ತಿಂಗಳು 28ರಿಂದ 35ರೊಳಗೆ, ಜೂನ್‌ನಲ್ಲಿ 30. ಜುಲೈ 40, ಅಲ್ಲಿಂದ ಏರಿಕೆ. ಆಗಸ್ಟ್ 70. ಸೆಪ್ಟೆಂಬರ್ 110, ಆ ವರ್ಷದ ತುದಿ. ಅಕ್ಟೋಬರಿಗೆ ಒಮ್ಮೆಲೇ 35. ಅಲ್ಲಿಂದ 2025ರ ಏಪ್ರಿಲ್‌ವರೆಗೆ 30ರಿಂದ 35ರೊಳಗೆ, ಫೆಬ್ರವರಿ ಚುಕ್ಕಿ ಇಲ್ಲ. ಮೇ 22, ಗಾಳಿಗೆ ಗಿಡ ಮುರಿದವು. ಜೂನ್ 32. ಜುಲೈ 55. ಆಗಸ್ಟ್ 125, ಎಲ್ಲಕ್ಕಿಂತ ಎತ್ತರ. ಸೆಪ್ಟೆಂಬರ್ 50."

ಫೆಬ್ರವರಿ ವಿಷಯ ನಾನು ಕೆದಕಿ ಕೇಳಿದ್ದಕ್ಕೆ ಹೊರಬಂತು. ಆ ತಿಂಗಳ ತೂಕದ ಚೀಟಿಗಳು ಕಳೆದುಹೋಗಿದ್ದವು. ಕಂಪ್ಯೂಟರ್ ಜನವರಿಯನ್ನೂ ಮಾರ್ಚನ್ನೂ ನೇರ ಗೆರೆಯಿಂದ ಸೇರಿಸಿಬಿಟ್ಟಿತ್ತು. ಖಾಲಿ ಮನೆಗೆ ಯಾರಾದರೂ ಸೊನ್ನೆ ತುಂಬಿದ್ದರೆ ಗೆರೆ ಪಾತಾಳಕ್ಕೆ ಇಳಿದು ಎದ್ದಂತೆ ಕಾಣುತ್ತಿತ್ತು. ಮಾರಾಟ ಇಲ್ಲದ ತಿಂಗಳು ಬೇರೆ, ಲೆಕ್ಕ ಇಲ್ಲದ ತಿಂಗಳು ಬೇರೆ.

ಇನ್ನೊಂದು ಪ್ರಶ್ನೆ: ಚುಕ್ಕಿ ಇಟ್ಟಿದ್ದು ತೂಕ ಹಾಕಿದ ದಿನದ ಲೆಕ್ಕಕ್ಕೋ, ದುಡ್ಡು ಬಂದ ದಿನದ ಲೆಕ್ಕಕ್ಕೋ? ವ್ಯಾಪಾರಿ ಎರಡು ಮೂರು ವಾರ ತಡವಾಗಿ ಕೊಡುವುದುಂಟು. ದುಡ್ಡಿನ ದಿನ ಹಿಡಿದರೆ ಇಡೀ ಗೆರೆಯೇ ಬಲಕ್ಕೆ ಸರಿದುಬಿಡುತ್ತದೆ. ಹಬ್ಬದ ಮಾಲು ಹೋಗುವುದು ಹಬ್ಬಕ್ಕೆ ಮುಂಚೆ. ಗ್ರಾಫಿನ ತುದಿ ಹಬ್ಬ ಮುಗಿದ ಮೇಲೆ ಬಂದಿದ್ದರೆ ಅನುಮಾನ ಪಡಬೇಕು. ಇವರದು ತೂಕದ ಚೀಟಿಯ ದಿನ, ಸರಿಯಾಗಿಯೇ ಇತ್ತು.

ಈಗ ಆ "ಅರ್ಧಕ್ಕೂ ಕಮ್ಮಿ" ಮಾತಿಗೆ ಬರೋಣ. ಸೆಪ್ಟೆಂಬರಿಗೆ ಸೆಪ್ಟೆಂಬರ್ ಹೋಲಿಸಿದ್ದೇ ಇಲ್ಲಿ ಎಡವಟ್ಟು. ಓಣಂ ನಮ್ಮ ಕ್ಯಾಲೆಂಡರಿನ ತಿಂಗಳಿಗೆ ಕಟ್ಟುಬಿದ್ದ ಹಬ್ಬವಲ್ಲ. ಚಿಂಗ ಮಾಸದ ತಿರುವೋಣಂ ನಕ್ಷತ್ರದ ದಿನ ಬರುತ್ತದೆ. 2024ರಲ್ಲಿ ಸೆಪ್ಟೆಂಬರ್ 15, 2025ರಲ್ಲಿ ಸೆಪ್ಟೆಂಬರ್ 5. ಹತ್ತು ದಿನ ಹಿಂದೆ ಸರಿಯಿತು. ಕೇರಳದಲ್ಲಿ ಹಬ್ಬದ ಚಿಪ್ಸ್ ಕರಿಯುವುದು ಮುಂಚೆಯೇ ಶುರು, ಆದ್ದರಿಂದ ಲೋಡು ಅಷ್ಟೂ ಆಗಸ್ಟಿಗೆ ಬಂತು. ಸೆಪ್ಟೆಂಬರಿನಲ್ಲಿ ಕಳೆದುಹೋಯಿತು ಅಂದುಕೊಂಡ 60 ಕ್ವಿಂಟಾಲ್ ಆಗಸ್ಟ್ ಮತ್ತು ಜುಲೈ ಚುಕ್ಕಿಯಲ್ಲಿ ಕೂತಿದೆ.

ಮೂರು ತಿಂಗಳು ಸೇರಿಸಿ ನೋಡಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಒಟ್ಟು 2024ರಲ್ಲಿ 220 ಕ್ವಿಂಟಾಲ್, 2025ರಲ್ಲಿ 230. ವ್ಯಾಪಾರ ಬಿದ್ದೇ ಇಲ್ಲ. ಹಾಗಂತ ಹತ್ತು ಕ್ವಿಂಟಾಲ್ ಏರಿತು ಅಂತ ಹಿಗ್ಗುವುದೂ ಬೇಡ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಡೆ ಗುಡ್ಡ ಕುಸಿದಿತ್ತು. ಆ ವರ್ಷ ಕೇರಳ ಸರ್ಕಾರವೇ ತನ್ನ ಓಣಂ ಸಂಭ್ರಮಾಚರಣೆ ಕೈಬಿಟ್ಟಿತ್ತು. ಆ ವರ್ಷದ ತುದಿ ಸ್ವಲ್ಪ ಕುಗ್ಗಿದ್ದಿರಬಹುದು. ತಿರುವಿನ ಪಕ್ಕ ಕಾರಣ ಬರೆಯಿರಿ ಅನ್ನುವುದು ಇದಕ್ಕೇ.

ಅಂದಾಜು ಕಟ್ಟುವಾಗ ಹಬ್ಬದ ಮಾಲನ್ನು ಮಾಮೂಲಿ ಮಾಲಿನಿಂದ ಬೇರೆ ಮಾಡಿದೆವು. ಹಬ್ಬ ಇಲ್ಲದ ತಿಂಗಳಲ್ಲಿ ಇವರು ಮಾರುವುದು 32 ಕ್ವಿಂಟಾಲ್ ಆಸುಪಾಸು, ಮೂರು ತಿಂಗಳಿಗೆ 96. ಅದನ್ನು ಕಳೆದರೆ ಓಣಂಗೆ ಅಂತಲೇ ಹೋದದ್ದು 2024ರಲ್ಲಿ 124, 2025ರಲ್ಲಿ 134. ಮುಂದಿನ ವರ್ಷಕ್ಕೆ 130 ಹಿಡಿಯೋಣ ಅಂದೆ. ಒಟ್ಟು ಸುಮಾರು 226 ಕ್ವಿಂಟಾಲ್.

ಒಟ್ಟು ಸಿಕ್ಕಿತು, ಯಾವ ತಿಂಗಳಿಗೆ ಎಷ್ಟು? ಎರಡು ವರ್ಷದ ಸರಾಸರಿ ತೆಗೆದರೆ ಸೆಪ್ಟೆಂಬರಿಗೆ 80 ಬರುತ್ತದೆ. ಆದರೆ 2026ರಲ್ಲಿ ತಿರುವೋಣಂ ಆಗಸ್ಟ್ 26ಕ್ಕೆ. ಸೆಪ್ಟೆಂಬರ್ ಬರುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಮಾಮೂಲಿ 32 ಬಿಟ್ಟು ಮಿಕ್ಕ 48 ಕ್ವಿಂಟಾಲ್, ಗೊನೆಗೆ 12 ಕೆಜಿ ಹಿಡಿದರೂ 400 ಗೊನೆ, ಕೇಳುವವರಿಲ್ಲದೆ ತೋಟದಲ್ಲಿ ಹಣ್ಣಾಗುತ್ತವೆ. ಸರಾಸರಿಯ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಅದೇ ಅದರ ಅಪಾಯ.

ತಿಂಗಳು ಬಿಟ್ಟು "ಹಬ್ಬಕ್ಕೆ ಎಷ್ಟು ದಿನ ಮುಂಚೆ" ಅಂತ ಎಣಿಸಿದೆವು. 2025ರಲ್ಲಿ ಹಬ್ಬಕ್ಕೆ 36 ದಿನ ಇರುವಾಗ, ಅಂದರೆ ಜುಲೈ ಕೊನೆಗೆ, ಹಬ್ಬದ ಮಾಲು 23 ಕ್ವಿಂಟಾಲ್ ಹೋಗಿತ್ತು. 2024ರಲ್ಲಿ 15 ದಿನ ಇರುವಾಗ, ಆಗಸ್ಟ್ ಕೊನೆಗೆ, 46 ಹೋಗಿತ್ತು. 2026ರ ಜುಲೈ ಕೊನೆಗೆ ಹಬ್ಬಕ್ಕೆ 26 ದಿನ ಇರುತ್ತದೆ, ಎರಡರ ಮಧ್ಯೆ, ಹತ್ತಿರಹತ್ತಿರ 35. ಮಾಮೂಲಿ 32 ಸೇರಿಸಿದರೆ ಜುಲೈಗೆ 67. ಮಿಕ್ಕ 95ಕ್ಕೆ 32 ಸೇರಿಸಿ ಆಗಸ್ಟಿಗೆ 127. ಸೆಪ್ಟೆಂಬರಿಗೆ ಬರೀ 32. ಆಗಸ್ಟಿನ ಆ ದೊಡ್ಡ ಪಾಲು 23ನೇ ತಾರೀಕಿನೊಳಗೆ ಹೋಗಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ಕೊನೆ ದಿನ ಲೋಡು ತಡವಾದರೆ ಒಂದು ರಾತ್ರಿ ಹೋದ ಹಾಗೆಯೇ.

ಈ ಅಂದಾಜಿಗೆ ಮಿತಿ ಇದೆ. ಎರಡೇ ಹಬ್ಬದ ಲೆಕ್ಕ, ಅದರಲ್ಲಿ ಒಂದು ಕುಸಿತದ ವರ್ಷ. ದರ ಎಷ್ಟಿರುತ್ತದೆ ಅಂತ ಈ ಗ್ರಾಫ್ ಹೇಳುವುದಿಲ್ಲ. ಮೇ ತಿಂಗಳ ಗಾಳಿ ಮುಂದಿನ ವರ್ಷ ಗೊನೆ ಬಿಟ್ಟ ಗಿಡಕ್ಕೇ ಹೊಡೆದರೆ ಎಲ್ಲ ತಲೆಕೆಳಗು, ಊರೆಗೋಲು ಕೊಟ್ಟಿರಲೇಬೇಕು.

ಚಾಮರಾಜನಗರ ಕಡೆಯ ಅರಿಸಿನದ ಗ್ರಾಫ್ ಹೇಳುವವರು ಇದೇ ಲೆಕ್ಕ ಹಾಕಬೇಡಿ. ಬಾಳೆ ಬಲಿತರೆ ಮಾರಲೇಬೇಕು. ಅರಿಸಿನ ಬೇಯಿಸಿ ಒಣಗಿಸಿದ ಮೇಲೆ ಮೂಟೆ ಕಟ್ಟಿ ಇಡಬಹುದು. ಅಲ್ಲಿ ತಿರುವು ಬರುವುದು ನೀವು ಮೂಟೆ ಬಿಚ್ಚಿದ ತಿಂಗಳಲ್ಲಿ, ಕಟಾವಿನ ತಿಂಗಳಲ್ಲಲ್ಲ. ದರಕ್ಕೆ ಮಾರಿದಿರೋ, ಮಗಳ ಮದುವೆಗೆ ಮಾರಿದಿರೋ, ಅದನ್ನೂ ಹೇಳಬೇಕು. ಗೆರೆ ಎಂದೂ ಕೆಳಗೆ ಇಳಿದೇ ಇಲ್ಲ ಅಂತ ಯಾರಾದರೂ ಹೇಳಿದರೆ, ಅದು ತಿಂಗಳ ಮಾರಾಟವೋ, ಹಿಂದಿನದೆಲ್ಲ ಕೂಡಿಸುತ್ತಾ ಬಂದ ಮೊತ್ತವೋ ಅಂತ ಮೊದಲು ಕೇಳಿಕೊಳ್ಳಿ. ಕೂಡಿಸಿದ ಮೊತ್ತ ಇಳಿಯುವುದಿಲ್ಲ.

ಗುಂಪಿನವರು ನೇಂದ್ರ ಬಿಡುವುದಿಲ್ಲ ಅಂತ ತೀರ್ಮಾನಿಸಿದರು. ಈ ಸಲ ನಾಟಿಯನ್ನು ಹಿಂದೆಮುಂದೆ ಮಾಡಿ, ಅಕ್ಟೋಬರ್ 20ರೊಳಗೆ ಹೆಚ್ಚು ಪಾಲು ಮುಗಿಸುತ್ತಾರಂತೆ. ಜುಲೈ 31ರಂದು ಚುಕ್ಕಿ ಇಟ್ಟ ತಕ್ಷಣ ಫೋನ್ ಮಾಡಿ ಅಂದಿದ್ದೇನೆ. 60ರ ಮೇಲಿದ್ದರೆ ಲೆಕ್ಕ ಹಾದಿಯಲ್ಲಿದೆ. 50ರ ಕೆಳಗಿದ್ದರೆ ಗೊನೆ ಬಲಿಯುವುದು ತಡವಾಗಿದೆಯೋ, ವ್ಯಾಪಾರಿ ಬೇರೆ ಕಡೆಯಿಂದ ಎತ್ತುತ್ತಿದ್ದಾನೋ ಅಂತ ಅದೇ ವಾರ ನೋಡಬೇಕು. ಆಗ ಕೈಯಲ್ಲಿ ಇನ್ನೂ ಮೂರು ವಾರ ಇರುತ್ತದೆ.