ಮೂಡಿಗೆರೆಯ ಸೊಂಟಕ್ಕೆ ಯಾರ ಅಳತೆ?

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿರುವ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 42, ಎತ್ತರ 150 ಸೆಂಟಿಮೀಟರ್, ತೂಕ 54 ಕೆಜಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ದಿನವಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಬಿಡಿಸ್ತಾರೆ. ನೋಡಿದವರು ಯಾರೂ ಅವರನ್ನು ದಪ್ಪ ಅನ್ನಲ್ಲ. ಆದರೆ ಅವರ ತೂಕ ಜಾಸ್ತಿಯಾ, ಸರಿಯಿದೆಯಾ ಅಂತ ಕೇಳಿದರೆ ನಮ್ಮ ದೇಶದಲ್ಲೇ ಎರಡು ಉತ್ತರ ಸಿಗುತ್ತೆ.

ಲೆಕ್ಕ ಸುಲಭ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತೆ. 54 ÷ (1.5 × 1.5) = 24. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜನರನ್ನು ಎಣಿಸೋದು ಅಂತಾರಾಷ್ಟ್ರೀಯ ಗೆರೆ ಇಟ್ಟುಕೊಂಡು: 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ಆ ಪಟ್ಟಿಯಲ್ಲಿ ಈಕೆ ಆರೋಗ್ಯವಂತೆ. ಭಾರತದ ವೈದ್ಯರು 2009ರಲ್ಲಿ ಒಮ್ಮತದಿಂದ ಹೊರತಂದ ಮಾರ್ಗಸೂಚಿ ಹಾಕಿದ ಗೆರೆಯೇ ಬೇರೆ: 23ರಿಂದ ಅಧಿಕ ತೂಕ, 25ರಿಂದಲೇ ಬೊಜ್ಜು. ಅದರ ಪ್ರಕಾರ ಈಕೆಗೆ ಈಗಾಗಲೇ ಎಚ್ಚರಿಕೆ ಕೊಡಬೇಕಿತ್ತು. ಅದೇ ದೇಹ, ಅದೇ ತಕ್ಕಡಿ. ಆದರೆ ಒಂದು ಲೆಕ್ಕದಲ್ಲಿ ಅವರ ಹೆಸರು ಇದೆ, ಇನ್ನೊಂದರಲ್ಲಿ ಇಲ್ಲ.

ನಮಗೇಕೆ ಬೇರೆ ಗೆರೆ ಅನ್ನೋದಕ್ಕೆ ವಿಜ್ಞಾನದ ಲೋಕದಲ್ಲಿ ಒಂದು ಫೋಟೊ ಪ್ರಸಿದ್ಧವಾಗಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಪಕ್ಕಪಕ್ಕ ನಿಂತ ಚಿತ್ರ ಬಂತು. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗಲ್ಲ. ಆ ಕೊಬ್ಬು ತೊಡೆಯಲ್ಲಿದೆಯಾ, ಹೊಟ್ಟೆಯೊಳಗೆ ಪಿತ್ತಜನಕಾಂಗದ ಸುತ್ತ ಕೂತಿದೆಯಾ ಅನ್ನೋದೂ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹೆಚ್ಚು ದಾರಿ ಮಾಡಿಕೊಡೋದು ಹೊಟ್ಟೆಯೊಳಗಿನ ಕೊಬ್ಬು.

ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿಯೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ಜನ ಮಿಷನ್ ಆಸ್ಪತ್ರೆ ಅನ್ನೋ ಜಾಗದಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆ ಇದೆ. 1990ರ ದಶಕದ ಕೊನೆಯಲ್ಲಿ ಅಲ್ಲೇ ಶುರುವಾದ ಪಾರ್ಥೆನಾನ್ ಅಧ್ಯಯನ ನವಜಾತ ಶಿಶುಗಳ ಮೈಯನ್ನು ಜಾಗ ಜಾಗದಲ್ಲೂ ಅಳೆಯಿತು. ಇಂಗ್ಲೆಂಡಿನ ಮಕ್ಕಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳು ಎಲ್ಲದರಲ್ಲೂ ಚಿಕ್ಕವು. ಭುಜದ ಹಿಂದಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಸೊರಗಿದ ಕೂಸೂ ಕೊಬ್ಬನ್ನು ಬಿಟ್ಟುಕೊಟ್ಟಿರಲಿಲ್ಲ ಅಂತಾಯ್ತು. ಹಾಗಾಗಿ ಬಸುರಿಯ ತಟ್ಟೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ ಇದೆಯಾ ಅನ್ನೋದು ಮುಂದಿನ ತಲೆಮಾರಿನ ಬೊಜ್ಜಿನ ಪ್ರಶ್ನೆಯೂ ಹೌದು.

ಹಾಗಂತ ಏಷ್ಯಾದವರಿಗೆಲ್ಲ ಒಂದೇ ಹೊಸ ಗೆರೆ ಎಳೆಯೋಕೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ನೋಡಿದಾಗ, ಅಪಾಯ ಶುರುವಾಗುವ ಬಿಎಂಐ ಒಂದು ದೇಶದಲ್ಲಿ 22, ಇನ್ನೊಂದರಲ್ಲಿ 25 ಹೀಗೆ ಹರಡಿಕೊಂಡಿತ್ತು. ಅದಕ್ಕೇ ದೇಶ ದೇಶಗಳ ಹೋಲಿಕೆಗೆ 25 ಮತ್ತು 30 ಇರಲಿ, ಜೊತೆಗೆ 23 ಮತ್ತು 27.5 ಅನ್ನು ಕ್ರಮ ಕೈಗೊಳ್ಳುವ ಹಂತಗಳಾಗಿ ಇಟ್ಟುಕೊಳ್ಳಿ ಅಂದರು. ಸಮೀಕ್ಷೆಯವರು 25 ಬಳಸೋದು ಸುಳ್ಳು ಲೆಕ್ಕ ಅಲ್ಲ, ಅದು ಹೋಲಿಕೆಯ ಲೆಕ್ಕ. ತೊಂದರೆ ಆಗೋದು ಆ ಹೋಲಿಕೆಯ ಲೆಕ್ಕವನ್ನೇ ಓದಿ ಒಂದು ತಾಲ್ಲೂಕಿಗೆ ಎಷ್ಟು ಕೆಲಸ ಬೇಕು ಅಂತ ತೀರ್ಮಾನಿಸಿದಾಗ.

ಈಗ ಟೇಪು ತೆಗೆದುಕೊಳ್ಳೋಣ. ನಮ್ಮ ಉದಾಹರಣೆಯ ಹೆಂಗಸಿನ ಸೊಂಟದ ಸುತ್ತಳತೆ 86 ಸೆಂಟಿಮೀಟರ್ ಅನ್ನಿ. ಭಾರತದ ಮಾರ್ಗಸೂಚಿಯಲ್ಲಿ ಹೆಂಗಸರಿಗೆ ಮಿತಿ 80, ಗಂಡಸರಿಗೆ 90. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನೋ ಇನ್ನೊಂದು ಸರಳ ನಿಯಮದಲ್ಲಿ ಅವರ ಮಿತಿ 75. ಎರಡರಲ್ಲೂ ಅವರು ಗೆರೆ ದಾಟಿದ್ದಾರೆ. ಅದೇ ತೋಟದಲ್ಲಿ ಲಾರಿಗೆ ಮೂಟೆ ಹೇರುವ ಒಬ್ಬ ಗಂಡಸು: ಎತ್ತರ 170, ತೂಕ 75, ಸೊಂಟ 82. ಬಿಎಂಐ ಸುಮಾರು 26, ಅಂದರೆ ನಮ್ಮದೇ ಮಾರ್ಗಸೂಚಿಯಲ್ಲಿ ‘ಬೊಜ್ಜು’. ಆದರೆ ಸೊಂಟ 90ಕ್ಕಿಂತ ಕಡಿಮೆ, ಎತ್ತರದ ಅರ್ಧವಾದ 85ಕ್ಕಿಂತಲೂ ಕಡಿಮೆ. ಆ ತೂಕದಲ್ಲಿ ಬಹುಪಾಲು ಸ್ನಾಯು ಇರಬಹುದು. ಬಿಎಂಐ ಒಂದನ್ನೇ ನಂಬಿದರೆ ಇವರನ್ನು ಕರೆದು ಬೈತೀವಿ, ಆಕೆಯನ್ನು ಮನೆಗೆ ಕಳಿಸ್ತೀವಿ. 2025ರ ಜನವರಿಯಲ್ಲಿ ಬಂದ ಲ್ಯಾನ್ಸೆಟ್ ಆಯೋಗದ ವರದಿಯೂ ಇದನ್ನೇ ಹೇಳಿತು: ಬಿಎಂಐ ಮೇಲೆ ಮಾತ್ರ ಒಬ್ಬರಿಗೆ ಬೊಜ್ಜು ಅಂತ ತೀರ್ಮಾನ ಬೇಡ, ಸೊಂಟದಂಥ ಇನ್ನೊಂದು ಅಳತೆಯೂ ಬೇಕು.

ದೇಶದ ಮಟ್ಟದಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ ಸೊಂಟವನ್ನೂ ಅಳೆಯಿತು. ಬಿಎಂಐ 25ರ ಗೆರೆಯಲ್ಲಿ ಹೆಂಗಸರಲ್ಲಿ ಶೇ. 24 ಮಂದಿ ಸಿಕ್ಕರು. ಅದೇ ಸಮೀಕ್ಷೆಯ ಸೊಂಟದ ಅಳತೆಯನ್ನು 80ರ ಗೆರೆಯಲ್ಲಿ ನೋಡಿದ ಸಂಶೋಧಕರಿಗೆ ಸಿಕ್ಕಿದ್ದು ಶೇ. 40.

ಸರಿ, ಲೈನ್ ಮನೆವರೆಗೆ ಈ ಟೇಪು ಹೋಗುತ್ತಾ? ಕಾಗದದ ಮೇಲೆ ಹೋಗುತ್ತೆ. 30 ದಾಟಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆ ಒಂದು ಫಾರಂ ತುಂಬಬೇಕು, ಅದನ್ನು ಸಿಬ್ಯಾಕ್ ಅಂತಾರೆ. ಅದರಲ್ಲಿ ವಯಸ್ಸು, ತಂಬಾಕು, ಕುಡಿತ, ಸೊಂಟ, ದೈಹಿಕ ಚಟುವಟಿಕೆ, ಮನೆಯಲ್ಲಿ ಯಾರಿಗಾದರೂ ಬಿಪಿ-ಶುಗರ್ ಇದೆಯಾ ಅನ್ನೋದಕ್ಕೆ ಅಂಕ ಇದೆ. ಸೊಂಟಕ್ಕೆ ಹೆಂಗಸರಲ್ಲಿ 80ರವರೆಗೆ ಸೊನ್ನೆ, 81ರಿಂದ 90ಕ್ಕೆ ಒಂದು, ಅದರ ಮೇಲೆ ಎರಡು. ಗಂಡಸರಿಗೆ ಇದೇ ಲೆಕ್ಕ 90 ಮತ್ತು 100ರಲ್ಲಿ. ಒಟ್ಟು ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕರೆಯಬೇಕು. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯ ಉದ್ದೇಶವೂ ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡೋದು. ನಮ್ಮ ಹೆಂಗಸಿಗೆ ಸೊಂಟದಿಂದ ಸಿಗೋದು ಒಂದೇ ಅಂಕ. ಕಡಿಮೆ ಅನ್ನಿಸಬಹುದು, ಆದರೆ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ, ಅಮ್ಮನಿಗೆ ಶುಗರ್ ಇತ್ತಾ ಅನ್ನೋ ಉತ್ತರಗಳು ಸೇರಿದಾಗ ಆ ಒಂದು ಅಂಕವೇ ಅವರನ್ನು ಗೆರೆ ದಾಟಿಸಬಹುದು.

ಅದಕ್ಕೇ ಅಳತೆ ಸರಿಯಾಗಬೇಕು. ಕೊನೆಯ ಪಕ್ಕೆಲುಬಿನ ಕೆಳಗಂಚು ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಬರಬೇಕು. ಕಾಲು ಜೋಡಿಸಿ ನಿಂತು, ಸಹಜವಾಗಿ ಉಸಿರು ಬಿಟ್ಟಾಗ ಓದಬೇಕು. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು. ಬಸುರಿಯರಿಗೆ ಈ ಅಳತೆ ಅನ್ವಯಿಸಲ್ಲ. ತೋಟದಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ಹಾಕಿಕೊಂಡು ಕೆಲಸ ಮಾಡೋರನ್ನು ಹಾಗೇ ಅಳೆದರೆ ನೆರಿಗೆ ಮತ್ತು ಲಂಗದ ಗಂಟೇ ಕೆಲವು ಸೆಂಟಿಮೀಟರ್ ಸೇರಿಸುತ್ತೆ. ನಾಲ್ಕು ಜನರ ಎದುರು ಅಂಗಿ ಎತ್ತೋದಕ್ಕೆ ಯಾರೂ ಒಪ್ಪಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದು ಕೋಣೆ, ಒಂದು ಪರದೆ ಬೇಕು. ಗಂಡಸರು ಪ್ಯಾಂಟಿನ ಸೈಜು ಹೇಳ್ತಾರೆ, ಆದರೆ ಬೆಲ್ಟು ಹೊಟ್ಟೆಯ ಕೆಳಗಿರುತ್ತೆ. ಇನ್ನು ಕಣ್ಣಂದಾಜಲ್ಲಿ ತುಂಬಿದ ಫಾರಂ ಪತ್ತೆ ಮಾಡೋದು ಸುಲಭ: ಒಂದು ಊರಿನ ಪಟ್ಟಿಯಲ್ಲಿ ಬರೀ 75, 80, 85, 90 ಕಾಣಿಸಿದರೆ ಅಲ್ಲಿ ಟೇಪು ಬಿಚ್ಚಿಲ್ಲ ಅಂತ ತಿಳಿಯಿರಿ. ಇದಕ್ಕೆ ಆಶಾ ಅಕ್ಕನನ್ನು ಬೈದು ಪ್ರಯೋಜನವಿಲ್ಲ. ಕಳಸದ ಗುಡ್ಡಗಳಲ್ಲಿ ಮನೆಯಿಂದ ಮನೆಗೆ ಎಷ್ಟು ನಡೆಯಬೇಕು, ಆ ನಡಿಗೆಗೆ ಅವರಿಗೆ ಏನು ಸಿಗುತ್ತೆ ಅಂತ ಮೊದಲು ಕೇಳಬೇಕು. ಕುಯ್ಲಿಗೆ ಅಂತ ಅಸ್ಸಾಮಿನಿಂದ ಬಂದು ಹೋಗುವ ಕಾರ್ಮಿಕರು ಮನೆ ಲೆಕ್ಕದ ಈ ಫಾರಮಿನಲ್ಲಿ ಸುಲಭವಾಗಿ ತಪ್ಪಿಹೋಗ್ತಾರೆ ಅನ್ನೋದೂ ನೆನಪಿರಲಿ.

ಅಳತೆ ಆದಮೇಲೆ ಏನು? ಸೊಂಟ ದೊಡ್ಡದು ಅಂದರೆ ಕಾಯಿಲೆ ಬಂತು ಅಂತಲ್ಲ, ಬಿಪಿ ಮತ್ತು ಶುಗರ್ ನೋಡಬೇಕು ಅಂತ. ಆಮೇಲೆ ಬರುವ ‘ವಾಕಿಂಗ್ ಮಾಡಿ’ ಅನ್ನೋ ಸಲಹೆ ದಿನವಿಡೀ ಇಳಿಜಾರು ಹತ್ತಿಳಿಯೋರಿಗೆ ತಮಾಷೆಯಂತೆ ಕೇಳುತ್ತೆ. ಅವರ ಪ್ರಶ್ನೆ ಇರೋದು ತಟ್ಟೆಯಲ್ಲಿ. ಬೆಳಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಸಕ್ಕರೆ ಹಾಕಿದ ಕಾಫಿ. ಹೊಟ್ಟೆ ತುಂಬಿಸಿದ ಅನ್ನಭಾಗ್ಯದ ಅಕ್ಕಿಯನ್ನು ನಾನು ಹೀಗಳೆಯಲ್ಲ. ಅದರ ಪಕ್ಕದಲ್ಲಿ ಬೇಳೆ ಇರಲಿಲ್ಲ ಅನ್ನೋದೇ ಕೊರತೆ. ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ಸಂಪುಟ ಒಪ್ಪಿದಾಗ ತೊಗರಿಬೇಳೆ ಸೇರಿದ್ದು ಸೊಂಟದ ದೃಷ್ಟಿಯಿಂದ ಒಳ್ಳೆಯ ಸುದ್ದಿ. ಅದೇ ಕಿಟ್ಟಿನಲ್ಲಿ ಸಕ್ಕರೆ ಯಾಕೆ ಅನ್ನೋ ಪ್ರಶ್ನೆಯನ್ನೂ ಕೇಳಬೇಕು.

ಊರವರೇ ಸೇರಿ ಮಾಡುವ ತಡೆಗಟ್ಟುವಿಕೆ ಎಷ್ಟು ಫಲ ಕೊಡುತ್ತೆ ಅನ್ನೋದಕ್ಕೆ ಪಕ್ಕದ ಕೇರಳದಲ್ಲಿ ಒಂದು ಪ್ರಾಮಾಣಿಕ ಉತ್ತರ ಇದೆ. ತಿರುವನಂತಪುರ ಜಿಲ್ಲೆಯ ನೆಯ್ಯಾಟಿನ್ಕರ ತಾಲ್ಲೂಕಿನಲ್ಲಿ 60 ಮತಗಟ್ಟೆ ಪ್ರದೇಶಗಳನ್ನು ಆರಿಸಿ, ಸಕ್ಕರೆ ಕಾಯಿಲೆಯ ಅಪಾಯವಿದ್ದ 1007 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ತಮ್ಮಲ್ಲೇ ಒಬ್ಬರನ್ನು ಮುಂದಾಳು ಮಾಡಿಕೊಂಡು ಸಭೆ ಸೇರಿದರು, ಕೈತೋಟ ಮಾಡಿದರು. ಎರಡು ವರ್ಷದ ನಂತರ ಈ ಗುಂಪಿನಲ್ಲಿ ಶೇ. 14.9 ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು, ಇನ್ನೊಂದರಲ್ಲಿ ಶೇ. 17.1. ಅಂಕಿಅಂಶದ ದೃಷ್ಟಿಯಲ್ಲಿ ಈ ವ್ಯತ್ಯಾಸ ಗಟ್ಟಿಯಲ್ಲ. ಆದರೆ ಹಣ್ಣು-ತರಕಾರಿ ತಿನ್ನೋದು ಹೆಚ್ಚಿತ್ತು, ಕುಡಿತ ಕಡಿಮೆಯಾಗಿತ್ತು. ಸಭೆಗಳಿಂದ ಅಭ್ಯಾಸ ಬದಲಾಗುತ್ತೆ, ಆದರೆ ರೇಷನ್ನು, ಕೂಲಿ, ಅಂಗಡಿ ಇದ್ದಹಾಗೇ ಇದ್ದರೆ ಕಾಯಿಲೆಯ ಮೇಲೆ ಅದರ ಪರಿಣಾಮ ಸಣ್ಣದು ಅಂತ ನಾನು ಇದನ್ನು ಓದಿಕೊಳ್ತೀನಿ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಕೇಳೋಕೆ ಮೂರು ಪ್ರಶ್ನೆ ಇಟ್ಟುಕೊಳ್ಳಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಲೈನ್ ಮನೆಗಳಲ್ಲಿ 30 ದಾಟಿದ ಎಷ್ಟು ಜನರ ಸೊಂಟ ಅಳೆದಿದ್ದಾರೆ? ಗೆರೆ ದಾಟಿದವರಲ್ಲಿ ಎಷ್ಟು ಜನರ ಶುಗರ್ ನೋಡಿದ್ದಾರೆ? ಶುಗರ್ ಇದೆ ಅಂತ ಗೊತ್ತಾದವರಿಗೆ ಮಳೆಗಾಲದಲ್ಲಿ, ಬಸ್ಸು ಬರದ ವಾರದಲ್ಲೂ ಮಾತ್ರೆ ತಲುಪುತ್ತಾ? ಉತ್ತರ ಅಂಕಿಗಳಲ್ಲಿ ಬರಲಿ, ಆ ಅಂಕಿಗಳು 0 ಮತ್ತು 5ರಲ್ಲೇ ಮುಗಿಯದಿರಲಿ.